ಇಂದು ಎಷ್ಟಾಯಿತು, ಇನ್ನೆಷ್ಟು ಉಳಿಯಿತು

ಕಟ್ಟಡದ ಕೆಲಸ ನಡೆಯುವ ಬಹುತೇಕ ಕಡೆ ಸಂಜೆ ಆಳುಗಳು ಕೈಕಾಲು ತೊಳೆದು ಹೊರಡುವ ಹೊತ್ತಿಗೆ ಸೈಟ್ ಇಂಜಿನಿಯರ್ ಒಂದು ಹಾಳೆ ತುಂಬಿ ಕಚೇರಿಗೆ ಕಳಿಸುತ್ತಾರೆ. ಈಗ ಅದು ಹೆಚ್ಚಾಗಿ ವಾಟ್ಸಾಪಿನಲ್ಲಿ ಹೋಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಗಾರೆಯವರು 4, ಹೆಲ್ಪರ್‌ಗಳು 7, ಸಿಮೆಂಟ್ 38 ಮೂಟೆ, ಗೋಡೆ ಕೆಲಸ ಪ್ರಗತಿಯಲ್ಲಿದೆ. ಓದಿದವರಿಗೆ ಕೆಲಸ ನಡೆಯುತ್ತಿದೆ ಎಂಬ ಸಮಾಧಾನ ಸಿಗುತ್ತದೆ. ಆದರೆ ಎಷ್ಟು ಗೋಡೆ ಎದ್ದಿತು, ಒಟ್ಟು ಎಷ್ಟು ಏಳಬೇಕಿತ್ತು, ಉಳಿದದ್ದಕ್ಕೆ ಇನ್ನೆಷ್ಟು ದಿನ ಬೇಕು ಎಂಬ ಮೂರು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿಲ್ಲ. ಅದು ದಿನದ ಖರ್ಚಿನ ಪಟ್ಟಿಯೇ ಹೊರತು ದಿನದ ಕೆಲಸದ ವರದಿ ಅಲ್ಲ.

ಕೆಲಸದ ವರದಿ ಆಗಬೇಕಾದರೆ ಅದು ಬಿಒಕ್ಯೂ ಜೊತೆ ಕೂತು ಮಾತಾಡಬೇಕು. ಬಿಒಕ್ಯೂ ಎಂದರೆ ಟೆಂಡರಿನ ಜೊತೆ ಬರುವ ಪ್ರಮಾಣಗಳ ಪಟ್ಟಿ. ಪಾಯ ಅಗೆಯುವುದು ಇಷ್ಟು ಘನ ಮೀಟರ್, ಕಾಂಕ್ರೀಟ್ ಇಷ್ಟು ಘನ ಮೀಟರ್, ಕಂಬಿ ಇಷ್ಟು ಕಿಲೊ, ಗಿಲಾವು ಇಷ್ಟು ಚದರ ಮೀಟರ್ ಎಂದು ಪ್ರತಿಯೊಂದು ಐಟಂಗೂ ಅಳತೆ, ದರ, ಮೊತ್ತ ಅದರಲ್ಲಿರುತ್ತವೆ. ಐಟಂ ದರದ ಕರಾರಿನಲ್ಲಿ ಗುತ್ತಿಗೆದಾರರಿಗೆ ಹಣ ಬರುವುದು ಈ ಪಟ್ಟಿಯ ಪ್ರಕಾರವೇ. ಹಾಗಾಗಿ ದಿನದ ವರದಿಯ ಪ್ರತಿ ಸಾಲೂ ಬಿಒಕ್ಯೂನ ಒಂದು ಐಟಂ ನಂಬರನ್ನು ಹಿಡಿದುಕೊಂಡು ಶುರುವಾಗಬೇಕು. ಪಟ್ಟಿಯಲ್ಲಿ ಎಷ್ಟಿದೆ, ನಿನ್ನೆಯವರೆಗೆ ಎಷ್ಟಾಗಿದೆ, ಇಂದು ಎಷ್ಟಾಯಿತು, ಒಟ್ಟು ಎಷ್ಟಾಯಿತು, ಇನ್ನು ಎಷ್ಟು ಬಾಕಿ ಎಂಬ ಐದು ಅಂಕಣ ಸಾಕು. ಸೈಟುಗಳಲ್ಲಿ ಇದನ್ನು ಡಿಪಿಆರ್ ಎನ್ನುತ್ತಾರೆ. ಪತ್ರಿಕೆಗಳಲ್ಲಿ ನೀರಾವರಿ ಯೋಜನೆಗಳ ಸುದ್ದಿಯಲ್ಲಿ ಬರುವ ಡಿಪಿಆರ್ ಬೇರೆ. ಅದು ಕೆಲಸ ಶುರುವಾಗುವ ಮೊದಲೇ ತಯಾರಾಗುವ ವಿಸ್ತೃತ ಯೋಜನಾ ವರದಿ.

ಐದು ಅಂಕಣಗಳಲ್ಲಿ ನಾಲ್ಕು ಸುಲಭ. ಐದನೆಯದು, ಅಂದರೆ ಬಾಕಿ, ನಿಜಕ್ಕೂ ಕಷ್ಟದ್ದು. ಅದನ್ನು ಸರಿಯಾಗಿ ತುಂಬುವವರು ಕಡಿಮೆ. ಏಕೆ ಎಂದು ನೋಡಲು ಲೆಕ್ಕಕ್ಕೊಂದು ಕಟ್ಟಡ ಇಟ್ಟುಕೊಳ್ಳೋಣ. ಹಳ್ಳಿಯ ಸರ್ಕಾರಿ ಶಾಲೆಗೆ ಎರಡು ಹೊಸ ಕೊಠಡಿ, ಮುಂದೆ ಒಂದು ಜಗಲಿ. ಮೂರು ಸಾಲಿನಲ್ಲಿ ಐದೈದರಂತೆ ಹದಿನೈದು ಕಾಲಂ. ಪ್ರತಿ ಕಾಲಂಗೆ ಒಂದೂವರೆ ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ. ಒಂದು ಗುಂಡಿಗೆ 3.375 ಘನ ಮೀಟರ್, ಹದಿನೈದಕ್ಕೆ 50.63. ಬಿಒಕ್ಯೂನ ಮೊದಲ ಐಟಂ ಇದು.

ಮೊದಲ ಮೂರು ದಿನದಲ್ಲಿ ಹನ್ನೊಂದು ಗುಂಡಿ ಮುಗಿದವು. ಒಟ್ಟು 37.13, ಬಾಕಿ 13.50. ಲೆಕ್ಕ ನೆಟ್ಟಗಿದೆ. ನಾಲ್ಕನೇ ದಿನ ಹಿಂಬದಿಯ ನಾಲ್ಕು ಗುಂಡಿ ತೋಡಿದಾಗ ಒಂದೂವರೆ ಮೀಟರಿಗೂ ಗಟ್ಟಿ ನೆಲ ಸಿಗಲಿಲ್ಲ. ಹಿಂದೆ ಯಾವಾಗಲೋ ಹಳ್ಳ ಮುಚ್ಚಿದ ಮಣ್ಣು. ಹಾರೆ ಹಾಕಿದರೆ ಸಲೀಸಾಗಿ ಇಳಿಯುತ್ತದೆ.

"ಸಾರ್, ಇಲ್ಲಿ ಬೆಡ್ ಹಾಕಿದ್ರೆ ಕೂತ್ಕೊಳುತ್ತೆ" ಎಂದರು ಮೇಸ್ತ್ರಿ.

ಇಂಜಿನಿಯರ್ ಬಂದು ನೋಡಿ ಇನ್ನೂ ಅರವತ್ತು ಸೆಂಟಿಮೀಟರ್ ಇಳಿಯಲು ಹೇಳಿದರು. ಆ ನಾಲ್ಕು ಗುಂಡಿಗಳ ಆಳ 2.1 ಮೀಟರ್ ಆಯಿತು. ಒಂದೊಂದಕ್ಕೆ 4.725, ನಾಲ್ಕಕ್ಕೆ 18.90. ಆ ಸಂಜೆಯ ವರದಿಯ ಸಾಲು ಹೀಗಿತ್ತು: ಬಿಒಕ್ಯೂ 50.63, ನಿನ್ನೆಯವರೆಗೆ 37.13, ಇಂದು 18.90, ಒಟ್ಟು 56.03. ಶೇಕಡಾವಾರು ತೆಗೆದರೆ 111.

ಇಲ್ಲಿ ಎರಡು ತಪ್ಪು ಆಗುವುದುಂಟು. ಒಂದು, ನೂರಕ್ಕಿಂತ ಹೆಚ್ಚು ಬರೆದರೆ ಕಚೇರಿಯವರು ಕೇಳುತ್ತಾರೆ ಎಂದು 13.50 ಮಾತ್ರ ಬರೆದು ಸಾಲನ್ನು ಚೊಕ್ಕವಾಗಿ ಮುಗಿಸುವುದು. ಹೀಗೆ ಮಾಡಿದರೆ ಹೆಚ್ಚಿನ ಆಳಕ್ಕೆ ಯಾವ ದಾಖಲೆಯೂ ಉಳಿಯುವುದಿಲ್ಲ. ಮೇಲೆ ಕಾಂಕ್ರೀಟ್ ಬಿದ್ದು ಮಣ್ಣು ಮುಚ್ಚಿದ ಮೇಲೆ ಆ ಗುಂಡಿ ಎಷ್ಟು ಆಳವಿತ್ತು ಎಂದು ಅಳೆಯಲು ದಾರಿಯೇ ಇಲ್ಲ. ಇನ್ನೊಂದು, 111 ಎಂದು ಬರೆದು ಸುಮ್ಮನಾಗುವುದು. ಆಗ ಇಡೀ ಕಟ್ಟಡದ ಪ್ರಗತಿಯ ಲೆಕ್ಕದಲ್ಲಿ ಆ ಹೆಚ್ಚುವರಿ ಹನ್ನೊಂದೂ ಸಾಧನೆಯಾಗಿ ಸೇರಿಕೊಳ್ಳುತ್ತದೆ. ನಿಜದಲ್ಲಿ ಕಟ್ಟಡ ಮುಂದೆ ಹೋಗಿಲ್ಲ, ಕೆಲಸವೇ ದೊಡ್ಡದಾಗಿದೆ.

ಸರಿಯಾದ ಕ್ರಮ ಎಂದರೆ ಬಿಒಕ್ಯೂ ಅಂಕಣವನ್ನು ಮುಟ್ಟದೆ, ಪಕ್ಕದಲ್ಲಿ 'ಮುಗಿಯುವಾಗ ಆಗಬಹುದಾದ ಪ್ರಮಾಣ' ಎಂಬ ಇನ್ನೊಂದು ಅಂಕಣ ಇಟ್ಟು 56.03 ಎಂದು ಬರೆಯುವುದು. ಬಾಕಿ ಎಂದರೆ ಈ ಹೊಸ ಅಂಕಿಯಿಂದ ಆಗಿರುವುದನ್ನು ಕಳೆದದ್ದು, ಹಳೆಯ ಬಿಒಕ್ಯೂನಿಂದ ಕಳೆದದ್ದಲ್ಲ. ಬಿಒಕ್ಯೂ ಒಂದು ಅಂದಾಜು. ಅದನ್ನು ತಯಾರಿಸಿದವರು ಮಣ್ಣಿನೊಳಗೆ ಇಳಿದು ನೋಡಿರುವುದಿಲ್ಲ. ನೆಲ ಮತ್ತು ನಕ್ಷೆ ಹೇಳಿದ್ದೇ ನಿಜವಾದ ಕೆಲಸ. ಎರಡರ ನಡುವಿನ ಅಂತರ ನಾಲ್ಕನೇ ದಿನವೇ ಕಾಣಿಸಿಕೊಂಡರೆ ಗುತ್ತಿಗೆದಾರರು ಲಿಖಿತ ಒಪ್ಪಿಗೆ ಪಡೆಯಬಹುದು, ಇಲಾಖೆ ಹಣಕ್ಕೆ ದಾರಿ ನೋಡಬಹುದು. ನಾಲ್ಕನೇ ತಿಂಗಳಲ್ಲಿ ಕಾಣಿಸಿಕೊಂಡರೆ ಜಗಳ ಮಾತ್ರ ಉಳಿಯುತ್ತದೆ. ಒಂದು ಐಟಂ ಮೂಲ ಪ್ರಮಾಣಕ್ಕಿಂತ ಎಷ್ಟು ಶೇಕಡಾ ಮೀರಿದರೆ ದರವನ್ನು ಮತ್ತೆ ನೋಡಬೇಕು ಎಂದು ಕರಾರಿನಲ್ಲೇ ಬರೆದಿರುತ್ತದೆ. ಹಲವು ಕರಾರುಗಳಲ್ಲಿ ಅದು ಶೇ. 25. ನಮ್ಮ ಕಟ್ಟಡದ ಹನ್ನೊಂದು ಅದರೊಳಗೇ ಇದೆ. ಆದರೆ ಗುಂಡಿ ಇಳಿದರೆ ಕಾಲಂನ ಬುಡ ಉದ್ದವಾಗುತ್ತದೆ, ಕಂಬಿಯೂ ಹೆಚ್ಚುತ್ತದೆ. ಆದ್ದರಿಂದ ಅದೇ ಸಂಜೆ ಆ ಎರಡು ಸಾಲುಗಳ ಅಂತಿಮ ಅಂದಾಜನ್ನೂ ತಿದ್ದಬೇಕು.

ಬಿಒಕ್ಯೂ ಮೀರಿದ ಅಳತೆಯೆಲ್ಲ ಒಂದೇ ಜಾತಿಯದಲ್ಲ ಎಂಬುದನ್ನೂ ಗಮನಿಸಬೇಕು. ಗುಂಡಿಯನ್ನು ಜೆಸಿಬಿಯಿಂದ ತೋಡಿದರೆ ಬಕೆಟ್ಟಿನ ಅಳತೆಗೆ ತಕ್ಕಂತೆ ಅದು ಅಗಲವಾಗುತ್ತದೆ. ಒಂದೂವರೆ ಮೀಟರ್ ಇರಬೇಕಾದಲ್ಲಿ ಎರಡೂ ಕಡೆ 1.8 ಮೀಟರ್ ಆಯಿತೆನ್ನಿ, ಅದೇ ಆಳಕ್ಕೆ 3.375 ಬದಲು 4.86 ಘನ ಮೀಟರ್ ಮಣ್ಣು ಎದ್ದಿರುತ್ತದೆ. ಕರಾರಿನಲ್ಲಿ ಬೇರೆ ಹೇಳದ ಹೊರತು ಹಣ ಸಿಗುವುದು ನಕ್ಷೆಯ ಅಳತೆಗೆ ಮಾತ್ರ, ಬಕೆಟ್ಟಿನ ಅಗಲಕ್ಕಲ್ಲ. ಆಳ ಹೆಚ್ಚಿದ್ದು ಇಂಜಿನಿಯರ್ ಮಾತಿನ ಮೇಲೆ, ಅಗಲ ಹೆಚ್ಚಿದ್ದು ಗುತ್ತಿಗೆದಾರರ ಅನುಕೂಲಕ್ಕೆ. ವರದಿ ಬರೆಯುವವರು ಈ ಎರಡನ್ನೂ ಕಲಸಿಬಿಟ್ಟರೆ ನ್ಯಾಯವಾಗಿ ಬರಬೇಕಾದ್ದಕ್ಕೂ ಕತ್ತರಿ ಬೀಳುತ್ತದೆ. ಟ್ರ್ಯಾಕ್ಟರ್ ಲೋಡು ಎಣಿಸಿ ಅಗೆತ ಬರೆಯುವ ರೂಢಿಯೂ ಕೆಲವು ಕಡೆ ಇದೆ. ಅಗೆದ ಮಣ್ಣು ಸಡಿಲವಾಗಿ ಸುಮಾರು ಕಾಲುಭಾಗದಷ್ಟು ಉಬ್ಬುತ್ತದೆ. ಹಾಗಾಗಿ ಲೋಡಿನ ಲೆಕ್ಕ ಯಾವಾಗಲೂ ಜಾಸ್ತಿ ತೋರಿಸುತ್ತದೆ. ಕಟ್ಟಡ ಕೆಲಸದ ಅಳತೆ ಹೇಗಿರಬೇಕೆಂದು ಹೇಳುವ ಭಾರತೀಯ ಮಾನಕ ಐಎಸ್ 1200ರ ಪ್ರಕಾರ ಅಳೆಯಬೇಕಾದ್ದು ಗುಂಡಿಯನ್ನು, ರಾಶಿಯನ್ನಲ್ಲ.

ಇನ್ನು ಮುಂದಿನ ತೊಡಕು. ಫುಟಿಂಗ್ ಆಗಿ, ಕಾಲಂ ಎದ್ದು, ಈಗ ತಾರಸಿಯ ಸರದಿ. ಸೆಂಟ್ರಿಂಗ್ ಹೊಡೆಯಲು ಕೆಲವು ದಿನ, ಕಂಬಿ ಕಟ್ಟಲು ಕೆಲವು ದಿನ. ಸೈಟ್ ತುಂಬ ಜನರಿದ್ದಾರೆ, ಬೆಳಗಿನಿಂದ ಸಂಜೆವರೆಗೆ ಸದ್ದು. ಆದರೆ ಬಿಒಕ್ಯೂನ 'ತಾರಸಿ ಕಾಂಕ್ರೀಟ್' ಐಟಂನಲ್ಲಿ ದಿನವೂ ಸೊನ್ನೆ. ಮೇಲಿನವರು ಬೈಯುತ್ತಾರೆ ಎಂಬ ಅಂಜಿಕೆಯಿಂದ ಹಲವರು ಅಲ್ಲಿ ಶೇ. 40, ಶೇ. 60 ಎಂದು ಏನೋ ಒಂದನ್ನು ತುಂಬುತ್ತಾರೆ. ಇದು ಸಲ್ಲದು. ಕಾಂಕ್ರೀಟ್ ಬೀಳುವವರೆಗೆ ಕಾಂಕ್ರೀಟಿನ ಪ್ರಮಾಣ ಸೊನ್ನೆಯೇ. ಸೆಂಟ್ರಿಂಗ್‌ಗೆ ಬಿಒಕ್ಯೂನಲ್ಲಿ ಬೇರೆ ಐಟಂ ಇದ್ದರೆ ಅದರಲ್ಲಿ ಚದರ ಮೀಟರ್ ಬರೆಯಬೇಕು. ಇಲ್ಲದಿದ್ದರೆ ಟಿಪ್ಪಣಿಯ ಜಾಗದಲ್ಲಿ '130 ಚದರ ಮೀಟರಿನಲ್ಲಿ 80 ಆಗಿದೆ' ಎಂದು ಬರೆದರೆ ಓದುವವರಿಗೆ ಎಲ್ಲವೂ ತಿಳಿಯುತ್ತದೆ. ಸೊನ್ನೆಗೆ ಕಾರಣ ಬರೆದಿದ್ದರೆ ಸೊನ್ನೆಯಲ್ಲಿ ತಪ್ಪೇನೂ ಇಲ್ಲ.

ಕಂಬಿಯ ವಿಷಯದಲ್ಲೂ ಹೀಗೇ ಆಗುತ್ತದೆ. ಲಾರಿಯಲ್ಲಿ ಎರಡು ಟನ್ ಕಂಬಿ ಇಳಿದ ದಿನ 'ಕಬ್ಬಿಣ 2 ಟನ್' ಎಂದು ಪ್ರಗತಿಯಲ್ಲಿ ಬರೆದಿರುವುದನ್ನು ಕಾಣಬಹುದು. ಇಳಿದ ಕಂಬಿ ಸ್ಟೋರಿನ ಲೆಕ್ಕ. ಪ್ರಗತಿಯ ಲೆಕ್ಕ ಸೆಂಟ್ರಿಂಗ್ ಮೇಲೆ ಕಟ್ಟಿದ ಕಂಬಿಯದು. ಅದನ್ನು ತೂಗುವ ಅಗತ್ಯವಿಲ್ಲ. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೊದಲ್ಲಿ ಬರುತ್ತದೆ. ಹತ್ತು ಎಂಎಂ ಕಂಬಿಗೆ 0.617. ನಮ್ಮ ತಾರಸಿಯಲ್ಲಿ ಅಡ್ಡಕ್ಕೆ 8.6 ಮೀಟರಿನ ನೂರು ಕಂಬಿ ಕಟ್ಟಿದ್ದರೆ 860 ಮೀಟರ್, ಅಂದರೆ 531 ಕಿಲೊ. ನಕ್ಷೆಯಲ್ಲಿ ತೋರಿಸಿದ ಓವರ್‌ಲ್ಯಾಪ್ ಇದಕ್ಕೆ ಸೇರುತ್ತದೆ. ಕತ್ತರಿಸಿ ಉಳಿದ ತುಂಡುಗಳೂ ಕಟ್ಟುವ ಬೈಂಡಿಂಗ್ ವೈರೂ ಸೇರುವುದಿಲ್ಲ. ಅವು ದರದೊಳಗೇ ಬಂದಿರುತ್ತವೆ. ಕಾಂಕ್ರೀಟ್ ಬಿದ್ದ ಮೇಲೆ ಈ ನೂರು ಕಂಬಿಯನ್ನು ಎಣಿಸಲು ಯಾರಿಗೂ ಆಗದು. ಹಾಗಾಗಿ ಕಾಂಕ್ರೀಟಿನ ಹಿಂದಿನ ಸಂಜೆಯ ವರದಿ, ಅದರ ಜೊತೆಯ ಫೋಟೊ, ಇಂಜಿನಿಯರ್ ಎಣಿಸಿ ಹಾಕಿದ ಸಹಿ ಇವುಗಳಿಗೆ ಬಹಳ ಬೆಲೆ ಇದೆ.

ತಾರಸಿಯ ದಿನ ಬಂತು. ಇಡೀ ಕೆಲಸದಲ್ಲಿ ಈ ಒಂದು ದಿನದ ವರದಿಯನ್ನು ಓದಲು ಬಂದರೆ ಉಳಿದವನ್ನೂ ಓದಲು ಬಂದಂತೆ. ತಾರಸಿಯ ಉದ್ದ 15 ಮೀಟರ್, ಅಗಲ 8.7, ದಪ್ಪ 125 ಮಿಲಿಮೀಟರ್. ಗುಣಿಸಿದರೆ 16.3 ಘನ ಮೀಟರ್. ಕೆಳಗಿನ ಬೀಮುಗಳಿಗೆ 5.7. ಒಟ್ಟು 22, ಬಿಒಕ್ಯೂನಲ್ಲೂ 22. ಬೆಳಗ್ಗೆ ಏಳಕ್ಕೆ ಶುರುವಾಗಿ ಸಂಜೆಗೆ ಮುಗಿಯಿತು. ವರದಿಯಲ್ಲಿ 'ಇಂದು 22.00, ಒಟ್ಟು 22.00, ಬಾಕಿ 0' ಎಂದು ಬರೆಯಲಾಯಿತು. ಬಿಒಕ್ಯೂಗೆ ಸರಿಯಾಗಿ ಹೊಂದಿಕೊಂಡಿತು. ಎಲ್ಲರಿಗೂ ಸಂತೋಷ.

ಆದರೆ ಅದೇ ಹಾಳೆಯ ಕೆಳಗೆ ಸ್ಟೋರಿನ ಸಾಲೊಂದಿದೆ: ಸಿಮೆಂಟ್ ಬಳಕೆ 160 ಮೂಟೆ. ಎಂ20 ಕಾಂಕ್ರೀಟನ್ನು ಒಂದು ಪಾಲು ಸಿಮೆಂಟ್, ಒಂದೂವರೆ ಮರಳು, ಮೂರು ಜೆಲ್ಲಿ ಎಂಬ ಅಳತೆಯಲ್ಲಿ ಕಲಸಿದರೆ ಒಂದು ಘನ ಮೀಟರಿಗೆ ಐವತ್ತು ಕಿಲೊದ ಸುಮಾರು ಎಂಟು ಮೂಟೆ ಬೇಕು. 22 ಘನ ಮೀಟರಿಗೆ 176. ಬಳಕೆಯಾಗಿದ್ದು 160. ಹದಿನಾರು ಮೂಟೆ ಕಡಿಮೆ, ಅಂದರೆ ಎರಡು ಘನ ಮೀಟರ್ ಕಾಂಕ್ರೀಟಿನ ಸಿಮೆಂಟ್.

ಆ ಎರಡು ಘನ ಮೀಟರ್ ಎಲ್ಲಿ ಹೋಯಿತು? ತಾರಸಿಯ ವಿಸ್ತೀರ್ಣ 130.5 ಚದರ ಮೀಟರ್. ಅದರ ಮೇಲೆ ಎರಡು ಘನ ಮೀಟರನ್ನು ಹರಡಿದರೆ ದಪ್ಪ ಹದಿನೈದು ಮಿಲಿಮೀಟರ್. ಇಡೀ ತಾರಸಿ 125ರ ಬದಲು 110 ಮಿಲಿಮೀಟರ್ ಬಿದ್ದಿದ್ದರೂ ಲೆಕ್ಕ ಹೀಗೇ ಬರುತ್ತದೆ. ಅಥವಾ ದಪ್ಪ ಸರಿಯಾಗಿದ್ದು ಕಲಸುವಾಗ ಜೆಲ್ಲಿ, ಮರಳು ಹೆಚ್ಚು ಹಾಕಿ ಸಿಮೆಂಟ್ ಉಳಿಸಿದ್ದರೂ ಹೀಗೇ ಬರುತ್ತದೆ. ಇಲ್ಲವೇ ಸ್ಟೋರಿನವರು ಒಂದಿಷ್ಟು ಮೂಟೆ ಬರೆದುಕೊಳ್ಳಲು ಮರೆತಿರಬಹುದು. ವರದಿ ಅಪರಾಧಿಯನ್ನು ಹಿಡಿದುಕೊಡುವುದಿಲ್ಲ, ಎಲ್ಲಿ ನೋಡಬೇಕೆಂದು ತೋರಿಸುತ್ತದೆ. ಮೊದಲು ಸ್ಟೋರಿನಲ್ಲಿ ಉಳಿದ ಮೂಟೆಗಳನ್ನು ಎಣಿಸಬೇಕು. ಬಂದದ್ದರಲ್ಲಿ ಉಳಿದದ್ದನ್ನು ಕಳೆದರೆ ನಿಜವಾದ ಬಳಕೆ ಸಿಗುತ್ತದೆ. ಅದೂ 160 ಎಂದೇ ಬಂದರೆ ಅಂಚಿನ ಹಲಗೆ ಬಿಚ್ಚಿದ ಮೇಲೆ ತಾರಸಿಯ ಅಂಚನ್ನೂ ಪೈಪಿಗೆ ಬಿಟ್ಟ ತೂತುಗಳಲ್ಲಿ ದಪ್ಪವನ್ನೂ ಅಳೆಯಬೇಕು. ಅಂಚಿನಲ್ಲಿ 125 ಇದ್ದು ನಡುವೆ ಕಡಿಮೆ ಇರುವುದು ಸಾಮಾನ್ಯ, ಆದ್ದರಿಂದ ತೂತಿನ ಅಳತೆಯೇ ಹೆಚ್ಚು ನಂಬಿಕೆಗೆ ಅರ್ಹ. ದಪ್ಪ ಸರಿ ಇದ್ದರೆ ಅನುಮಾನ ಮಿಶ್ರಣದ ಮೇಲೆ ಹೋಗುತ್ತದೆ. ಅದಕ್ಕೆ ಆ ದಿನ ತುಂಬಿಟ್ಟ ಕ್ಯೂಬುಗಳಿವೆ. ಐಎಸ್ 456ರ ಪ್ರಕಾರ 16ರಿಂದ 30 ಘನ ಮೀಟರ್ ಕಾಂಕ್ರೀಟಿಗೆ ಮೂರು ಸ್ಯಾಂಪಲ್, ಒಂದೊಂದಕ್ಕೆ ಮೂರು ಕ್ಯೂಬ್. ಇಪ್ಪತ್ತೆಂಟು ದಿನದ ಪರೀಕ್ಷೆಯಲ್ಲಿ ಮಿಶ್ರಣದ ಬಲ ತಿಳಿಯುತ್ತದೆ. ಆ ಕ್ಯೂಬುಗಳ ನಂಬರ್ ಅಂದಿನ ವರದಿಯಲ್ಲಿ ಇಲ್ಲದಿದ್ದರೆ ಫಲಿತಾಂಶ ಯಾವ ಕಾಂಕ್ರೀಟಿನದು ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಹದಿನೈದು ಮಿಲಿಮೀಟರ್ ಎಂದರೆ ಹೆಬ್ಬೆರಳಿನ ಅಗಲಕ್ಕಿಂತ ಕಡಿಮೆ. ಅಷ್ಟಕ್ಕೆ ಏನಾದೀತು ಎನ್ನಿಸಬಹುದು. ತಾರಸಿ ಬಾಗದಂತೆ ತಡೆಯುವ ಗುಣ ದಪ್ಪದ ಜೊತೆ ನೇರವಾಗಿ ಅಲ್ಲ, ದಪ್ಪವನ್ನು ಮೂರು ಸಲ ಗುಣಿಸಿದ ಲೆಕ್ಕದಲ್ಲಿ ಬದಲಾಗುತ್ತದೆ. 125 ಇದ್ದದ್ದು 110 ಆದರೆ ದಪ್ಪ ಕಡಿಮೆಯಾಗುವುದು ಶೇ. 12 ಮಾತ್ರ, ಬಾಗುವಿಕೆಯನ್ನು ತಡೆಯುವ ಗುಣ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಆ ತಾರಸಿಯ ಕೆಳಗೆ ಮಕ್ಕಳು ಕೂರುತ್ತಾರೆ. ಬಿಒಕ್ಯೂನ 22ನ್ನು ನೋಡಿ ವರದಿಯಲ್ಲಿ 22 ಎಂದು ಬರೆಯುವುದು ಎಂಥ ಕೆಲಸ ಎಂಬುದು ಇಲ್ಲಿ ತಿಳಿಯುತ್ತದೆ. ವರದಿಯ ಅಂಕಿ ಬಿಒಕ್ಯೂ ನೋಡಿ ನಕಲು ಮಾಡಿದ್ದಲ್ಲ, ಟೇಪು ಹಿಡಿದು ಅಳೆದದ್ದು ಆಗಿರಬೇಕು. ದಿನದ ಪ್ರಮಾಣಗಳು ಬಿಒಕ್ಯೂಗೆ ದಶಾಂಶದವರೆಗೂ ಹೊಂದಿಕೊಂಡು ಬರುತ್ತಿವೆ ಎಂದರೆ ಅದು ಒಳ್ಳೆಯ ಲಕ್ಷಣವಲ್ಲ. ಯಾರೂ ಅಳೆದಿಲ್ಲ ಎಂಬುದರ ಲಕ್ಷಣ. ಹಾಗೆಯೇ ಸಿಮೆಂಟ್ 190 ಮೂಟೆ ಖರ್ಚಾಗಿದ್ದರೆ ಅದೂ ಒಂದು ಸೂಚನೆ: ಸೆಂಟ್ರಿಂಗ್ ಎಲ್ಲೋ ಕುಸಿದಿರಬಹುದು, ಹಲಗೆಯ ಸಂದಿನಲ್ಲಿ ಹಾಲು ಸೋರಿರಬಹುದು, ಇಲ್ಲವೇ ಮೂಟೆ ಬೇರೆ ಸೈಟಿಗೆ ಹೋಗಿರಬಹುದು.

ತಾರಸಿಯ ನಂತರ ಗೋಡೆ. ಇಲ್ಲಿ ವರದಿ ಹಿಂದಿನದನ್ನು ಬಿಟ್ಟು ಮುಂದಿನದನ್ನು ಹೇಳತೊಡಗುತ್ತದೆ. ಎರಡು ಕಾಲಂ ನಡುವೆ 3.37 ಮೀಟರ್ ಉದ್ದ, 2.1 ಮೀಟರ್ ಎತ್ತರ, 23 ಸೆಂಟಿಮೀಟರ್ ದಪ್ಪದ ಗೋಡೆ ಇಂದು ಎದ್ದಿದೆ. ಮೇಸ್ತ್ರಿ ಹೇಳುವ ಲೆಕ್ಕ 1.63 ಘನ ಮೀಟರ್. ಅದರಲ್ಲಿ 1.2 ಮೀಟರಿನ ಚೌಕ ಕಿಟಕಿಯ ಜಾಗವಿದೆ, ಅದರ ಪಾಲು 0.33. ಕಳೆದರೆ ಉಳಿಯುವುದು 1.30. ಇಟ್ಟಿಗೆ ಕೆಲಸದಲ್ಲಿ 0.1 ಚದರ ಮೀಟರಿಗಿಂತ ದೊಡ್ಡ ತೂತನ್ನೆಲ್ಲ ಕಳೆಯಬೇಕು. ದಿನವೂ ಕಳೆಯದೆ ಬರೆಯುತ್ತ ಹೋದರೆ ಕಿಟಕಿಯಿರುವ ಪ್ರತಿ ಗೋಡೆಗೆ ಕಾಲುಭಾಗ ಹೆಚ್ಚು ತೋರಿಸಿದಂತಾಗುತ್ತದೆ. ಕೊನೆಗೆ ಬಿಒಕ್ಯೂ ಮುಗಿದರೂ ಗೋಡೆ ಮುಗಿದಿರುವುದಿಲ್ಲ.

ಬಿಒಕ್ಯೂನಲ್ಲಿ ಗೋಡೆ 30 ಘನ ಮೀಟರ್ ಎನ್ನಿ. ಇಬ್ಬರು ಗಾರೆಯವರು ನಾಲ್ಕು ದಿನದಲ್ಲಿ 10 ಮುಗಿಸಿದ್ದಾರೆ, ದಿನಕ್ಕೆ ಎರಡೂವರೆ. ಒಬ್ಬ ಗಾರೆಯವರಿಗೆ ದಿನಕ್ಕೆ ಒಂದೂಕಾಲು ಘನ ಮೀಟರ್ ಎಂಬುದು ಸಾಮಾನ್ಯ ಅಂದಾಜು, ಅದಕ್ಕೆ ಇದು ಸರಿಯಾಗಿದೆ. ಉಳಿದ 20ಕ್ಕೆ ಎಂಟು ದಿನ ಬೇಕು. ಕಾರ್ಯಕ್ರಮ ಪಟ್ಟಿಯಲ್ಲಿ ಉಳಿದಿರುವುದು ಆರು ದಿನ. ದಿನಕ್ಕೆ 3.33 ಆಗಬೇಕು, ಮೂರನೇ ಗಾರೆಯವರನ್ನು ಕರೆಯಬೇಕು. ಶನಿವಾರದ ಬಟವಾಡೆಗೆ ಮೊದಲೇ ಇದು ಗೊತ್ತಾದರೆ ಸೋಮವಾರಕ್ಕೆ ಜನ ಸಿಗುತ್ತಾರೆ. ಇನ್ನೂ ಒಂದು ಮಾತು: ಮೊದಲ ಒಂದು ಮೀಟರ್ ಗೋಡೆ ನೆಲದ ಮೇಲೆ ನಿಂತೇ ಕಟ್ಟುವುದು, ಬೇಗ ಏಳುತ್ತದೆ. ಅದರ ಮೇಲೆ ಸಾರುವೆ ಬೇಕು, ಇಟ್ಟಿಗೆ ಎತ್ತಿಕೊಡಬೇಕು, ವೇಗ ಬೀಳುತ್ತದೆ. ಮೊದಲ ನಾಲ್ಕು ದಿನದ ಎರಡೂವರೆಯನ್ನೇ ಕೊನೆಯವರೆಗೆ ಎಳೆದು ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ. ಅನುಭವಿ ಮೇಸ್ತ್ರಿಯನ್ನು ಕೇಳಿ ಅಂಕಿಯನ್ನು ಸ್ವಲ್ಪ ಇಳಿಸಿಯೇ ಬರೆಯುವುದು ಒಳ್ಳೆಯದು. ಮಳೆಯಿಂದ ಎಷ್ಟು ಗಂಟೆ ನಿಂತಿತು, ಮರಳು ಬರದೆ ಎಷ್ಟು ಹೊತ್ತು ಕಾದರು ಎಂಬುದನ್ನೂ ಅಂದೇ ಬರೆದಿಡಬೇಕು. ಅವಧಿ ಮೀರಿದಾಗ ದಂಡ ಬೀಳದಂತೆ ಹೆಚ್ಚು ಕಾಲ ಕೇಳಲು ಗುತ್ತಿಗೆದಾರರ ಕೈಯಲ್ಲಿರುವ ಆಧಾರ ಅದೇ.

ಇಡೀ ಕಟ್ಟಡ ಎಷ್ಟು ಮುಗಿಯಿತು ಎಂದು ಎಲ್ಲರೂ ಕೇಳುತ್ತಾರೆ. ಐಟಂಗಳ ಶೇಕಡಾವಾರನ್ನು ಕೂಡಿಸಿ ಸರಾಸರಿ ತೆಗೆದು ಉತ್ತರ ಕೊಡುವವರಿದ್ದಾರೆ. ಅದು ದಾರಿ ತಪ್ಪಿಸುವ ಲೆಕ್ಕ. ಅಗೆತಕ್ಕೆ ಘನ ಮೀಟರಿಗೆ 300 ರೂಪಾಯಿ, ತಾರಸಿ ಕಾಂಕ್ರೀಟಿಗೆ 8,000 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಂಡರೆ ಅಗೆತದ ಮೊತ್ತ ಸುಮಾರು ಹದಿನೈದು ಸಾವಿರ, ತಾರಸಿಯದು 1,76,000. ಅಗೆತ ಪೂರ್ತಿಯಾಗಿ ತಾರಸಿ ಶುರುವಾಗದಿದ್ದರೆ ಈ ಎರಡು ಐಟಂಗಳ ಸರಾಸರಿ ಶೇ. 50. ಹಣದ ಲೆಕ್ಕದಲ್ಲಿ ಶೇ. 8. ಒಟ್ಟು ಪ್ರಗತಿಯನ್ನು ಪ್ರಮಾಣವನ್ನು ದರದಿಂದ ಗುಣಿಸಿಯೇ ಹೇಳಬೇಕು. ಕಟ್ಟಡ ಅರ್ಧ ಮುಗಿದಿದೆ ಎಂದು ಯಾರಾದರೂ ಹೇಳಿದರೆ ಯಾವ ಲೆಕ್ಕದಲ್ಲಿ ಎಂದು ಕೇಳಿ.

ಈ ವರದಿಯ ಮೇಲೆ ಹಣ ಬಿಡುಗಡೆಯಾಗುವುದಿಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸರ್ಕಾರಿ ಕೆಲಸದಲ್ಲಿ ಬಿಲ್ಲು ಆಗುವುದು ಅಳತೆ ಪುಸ್ತಕದ ಮೇಲೆ. ಎಂಬಿ ಎಂದು ಎಲ್ಲರೂ ಕರೆಯುವ ಆ ಪುಸ್ತಕದಲ್ಲಿ ಕಿರಿಯ ಇಂಜಿನಿಯರ್ ಅಳತೆ ಬರೆದು, ಮೇಲಿನ ಇಂಜಿನಿಯರ್ ಪರಿಶೀಲಿಸಿ ಸಹಿ ಹಾಕುತ್ತಾರೆ. ದಿನದ ವರದಿಗೆ ಆ ಅಧಿಕಾರವಿಲ್ಲ. ಆದರೆ ಎಂಬಿ ತುಂಬುವುದು ಕೆಲಸದ ಹಂತಗಳು ಮುಗಿದಾಗ, ಕೆಲವೊಮ್ಮೆ ವಾರಗಳ ಮೇಲೆ. ವರದಿ ತುಂಬುವುದು ಅದೇ ಸಂಜೆ. ಎರಡರ ಅಂಕಿ ಹೊಂದಿಕೊಂಡರೆ ಬಿಲ್ಲಿನ ಮೇಲೆ ವಿಶ್ವಾಸ ಬರುತ್ತದೆ. ನಮ್ಮ ನಾಲ್ಕು ಗುಂಡಿಗಳ ಆಳ ವರದಿಯಲ್ಲಿ 2.1 ಇದ್ದು ಎಂಬಿಯಲ್ಲಿ ಹದಿನೈದೂ ಗುಂಡಿಗೆ 2.1 ಎಂದಾಗಿದ್ದರೆ ಎಲ್ಲಿ ಕೈ ಇಟ್ಟು ಕೇಳಬೇಕೆಂದು ಗೊತ್ತಾಗುತ್ತದೆ.

ಮನೆ ಕಟ್ಟಿಸುವವರಿಗೆ ಇದೆಲ್ಲ ದೂರದ ಮಾತಲ್ಲ. ಚದರಕ್ಕೆ ಇಷ್ಟು ಎಂದು ಮಾತಾಡಿದ ಗುತ್ತಿಗೆಯಲ್ಲಿ ಪ್ರಮಾಣ ಪಟ್ಟಿ ಇರುವುದೇ ಇಲ್ಲ, ಹಂತಕ್ಕೆ ಹಣ ಕೊಡುತ್ತ ಹೋಗುತ್ತೇವೆ. ಐಟಂ ದರದಲ್ಲಿ ಕೆಲಸ ಕೊಟ್ಟಿದ್ದರೆ ಕರಾರಿಗೆ ಬಿಒಕ್ಯೂ ಲಗತ್ತಿಸಿಕೊಳ್ಳಿ. ದಿನವೂ ಆಗದಿದ್ದರೆ ಮಣ್ಣು ಮುಚ್ಚುವ ಮೊದಲು, ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ, ಹಾಕಿದ ಸಂಜೆ ಈ ಮೂರು ಸಲವಾದರೂ ಅಳತೆ ಬರೆಸಿ ಇಬ್ಬರೂ ಸಹಿ ಮಾಡಿ. ಸಿಮೆಂಟಿನ ಮೂಟೆಯನ್ನು ಆ ಘನ ಮೀಟರಿಗೆ ಭಾಗಿಸಿ ನೋಡಿ. ಎಂಟರ ಆಸುಪಾಸು ಬರದಿದ್ದರೆ ಕಾರಣ ಕೇಳಿ. ರೆಡಿಮಿಕ್ಸ್ ಕಾಂಕ್ರೀಟ್ ತರಿಸಿದ್ದರೆ ಈ ಭಾಗಾಕಾರ ನಡೆಯದು, ಆಗ ಪ್ರತಿ ಲಾರಿಯ ಚೀಟಿಯನ್ನು ಇಸಿದುಕೊಂಡು ಒಟ್ಟು ಘನ ಮೀಟರನ್ನು ಸೆಂಟ್ರಿಂಗ್ ಅಳತೆಯ ಜೊತೆ ಹೋಲಿಸಿ.

ಶಾಲೆಯ ಎಸ್‌ಡಿಎಂಸಿ ಸದಸ್ಯರಿಗೂ ಊರಿನವರಿಗೂ ಇಂಜಿನಿಯರಿಂಗ್ ಓದಿರಬೇಕಾದ ಅಗತ್ಯವಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 2(ಜೆ) ಪ್ರಕಾರ ದಾಖಲೆಗಳ ದೃಢೀಕೃತ ಪ್ರತಿ ಪಡೆಯುವುದಷ್ಟೇ ಅಲ್ಲ, ಸರ್ಕಾರಿ ಕಾಮಗಾರಿಯನ್ನೇ ಪರಿಶೀಲಿಸಲು, ಅಲ್ಲಿನ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯಲು ನಾಗರಿಕರಿಗೆ ಹಕ್ಕಿದೆ. ನಿಮ್ಮೂರಿನಲ್ಲಿ ಹೊಸ ಕೊಠಡಿ ಏಳುತ್ತಿದ್ದರೆ ಆ ಕಾಮಗಾರಿಯ ಬಿಒಕ್ಯೂ ಮತ್ತು ಅಳತೆ ಪುಸ್ತಕದ ಪ್ರತಿ ಕೇಳಿ ಅರ್ಜಿ ಹಾಕಿ. ಅರ್ಜಿಯ ಶುಲ್ಕ ಹತ್ತು ರೂಪಾಯಿ, ಉತ್ತರ ಮೂವತ್ತು ದಿನದೊಳಗೆ ಬರಬೇಕು.